ಮೆಸ್ಸಿನ ಬೇಳೆ ಬಟ್ಟಲಿನಲ್ಲಿ ನಿಜಕ್ಕೂ ಎಷ್ಟು ಪ್ರೋಟೀನ್ ಇರುತ್ತದೆ?

ಹಿಂಜವಡಿ ಹುಡುಗ:
ನನ್ನ ತೂಕ 68 ಕೆಜಿ. ಎಂಟು ತಿಂಗಳಿನಿಂದ ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗುತ್ತಿದ್ದೇನೆ. ನಾನು ಸಸ್ಯಾಹಾರಿ, ಎರಡು ಹೊತ್ತೂ ಮೆಸ್ಸಿನ ಊಟ. ಮೊಬೈಲಿನ ಆ್ಯಪ್ ಪ್ರಕಾರ ದಿನಕ್ಕೆ 111 ಗ್ರಾಂ ಪ್ರೋಟೀನ್ ಸಿಗುತ್ತಿದೆ, ಅದರಲ್ಲಿ 66 ಗ್ರಾಂ ಎರಡು ಬಟ್ಟಲು ತೊಗರಿಬೇಳೆಯಿಂದಲೇ ಬರುತ್ತದೆ, ಉಳಿದ 45 ಗ್ರಾಂ ಎಂಟು ಚಪಾತಿ, ಅನ್ನ, ಶೇಂಗಾ ಹಾಕಿದ ಪೋಹೆ, ಮೊಸರು ಮತ್ತು ಪಲ್ಯದಿಂದ. ಆದರೂ ನಾಲ್ಕು ತಿಂಗಳಿನಿಂದ ಬೆಂಚ್ ಪ್ರೆಸ್ 50 ಕೆಜಿ ದಾಟಿಲ್ಲ. ತಿಂಗಳಿಗೆ 1500 ರೂಪಾಯಿ ಹೆಚ್ಚಿಗೆ ಖರ್ಚು ಮಾಡಬಲ್ಲೆ. ಪನೀರ್ ಕೊಳ್ಳಲೇ, ಪ್ರೋಟೀನ್ ಪುಡಿ ಕೊಳ್ಳಲೇ?

ಠಾಣೆ ಪೂರ್ವ:
ಪನೀರ್ ಕೊಳ್ಳಿ. ದಿನಕ್ಕೆ ಐವತ್ತು ರೂಪಾಯಿ ಎಂದರೆ, ಕಿಲೋಗೆ 400ರ ದರದಲ್ಲಿ 125 ಗ್ರಾಂ ಪನೀರ್ ಬರುತ್ತದೆ. ಹಾಲಿನ ಪ್ರೋಟೀನಿನ ಗುಣಮಟ್ಟಕ್ಕೆ ಯಾವ ಬೇಳೆಯೂ ಸಮನಾಗುವುದಿಲ್ಲ. ನಾನು ಎರಡು ವರ್ಷದಿಂದ ರಾತ್ರಿ ಊಟಕ್ಕೆ ಅದನ್ನೇ ತಿನ್ನುತ್ತಿದ್ದೇನೆ, ತೋಳಿನ ಗಾತ್ರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಂತಿದೆ.

ಕೋಥರೂಡ್ ಅಡುಗೆಮನೆ:
ಕೊಳ್ಳುವ ಮಾತು ಆಮೇಲಿರಲಿ, ಮೊದಲು ಆ 66 ಗ್ರಾಂ ಎಲ್ಲಿಂದ ಬಂತು ಎಂದು ನೋಡೋಣ. ನೀವು ಬಟ್ಟಲಿನ ಬೇಳೆಯನ್ನು ತೂಗಿ, 150 ಗ್ರಾಂ ಎಂದು ಬರೆದು, ಆ್ಯಪಿನಲ್ಲಿ ‘ತೊಗರಿಬೇಳೆ’ ಎಂಬುದನ್ನು ಆರಿಸಿದ್ದೀರಿ ಎಂದು ನನ್ನ ಊಹೆ. ಒಣ ಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುವುದರಿಂದ 150 ಗ್ರಾಮಿಗೆ 33 ಎಂದು ಅದು ತೋರಿಸಿತು, ಎರಡು ಬಟ್ಟಲಿಗೆ 66 ಆಯಿತು. ಆದರೆ ನಿಮ್ಮ ಬಟ್ಟಲಿನಲ್ಲಿದ್ದದ್ದು ಒಣ ಬೇಳೆಯಲ್ಲ; ಅದರಲ್ಲಿ ಹೆಚ್ಚಿನ ಪಾಲು ನೀರು. ಮನೆಯಲ್ಲಿ ಗಟ್ಟಿಯಾಗಿ ಮಾಡಿದ ಬೇಳೆಯಲ್ಲೂ ಒಂದು ಬಟ್ಟಲಿಗೆ 25ರಿಂದ 30 ಗ್ರಾಂ ಒಣ ಬೇಳೆ ಇದ್ದರೆ ಹೆಚ್ಚು.

ಇದನ್ನು ಕಣ್ಣಾರೆ ಕಾಣಲು ಸುಲಭದ ದಾರಿಯಿದೆ. ಇಂದು ರಾತ್ರಿ ಬೇಳೆಯನ್ನು ಒಂದು ಗಾಜಿನ ಲೋಟಕ್ಕೆ ಸುರಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಹಳದಿ ಗಸಿ ಕೂರುತ್ತದೆ, ಮೇಲೆ ಅರಿಶಿನದ ಬಣ್ಣದ ನೀರು ನಿಲ್ಲುತ್ತದೆ. ಗಸಿ ಎಷ್ಟು ಬೆರಳೆತ್ತರವಿದೆ ಎಂದು ನೋಡಿ. ಇನ್ನೂ ಖಚಿತವಾಗಬೇಕಾದರೆ ಮೆಸ್ಸಿನ ಅಡುಗೆಯವರನ್ನು ಒಂದೇ ಪ್ರಶ್ನೆ ಕೇಳಿ: ಎಷ್ಟು ಕಿಲೋ ಬೇಳೆ, ಎಷ್ಟು ಬಟ್ಟಲು?

ಹಿಂಜವಡಿ ಹುಡುಗ:
ಅಕ್ಕ, ನೀವು ಹೇಳಿದಂತೆಯೇ ಆಗಿದೆ. ಆ್ಯಪಿನಲ್ಲಿ ನಾನು ಆರಿಸಿದ್ದು ಒಣ ಬೇಳೆಯನ್ನೇ. ಲೋಟದಲ್ಲಿ ಗಸಿ ಕಾಲು ಭಾಗವನ್ನೂ ತಲುಪಲಿಲ್ಲ. ಅಡುಗೆಯ ಮಾವಶಿಯವರನ್ನು ಕೇಳಿದೆ. ಒಂದು ಕಿಲೋ ಬೇಳೆಗೆ ಸುಮಾರು ಅರವತ್ತು ಬಟ್ಟಲು ಮಾಡುತ್ತಾರಂತೆ.

ಕೋಥರೂಡ್ ಅಡುಗೆಮನೆ:
ಹಾಗಾದರೆ ಒಂದು ಬಟ್ಟಲಿಗೆ 17 ಗ್ರಾಂಗಿಂತ ಸ್ವಲ್ಪ ಕಡಿಮೆ ಬೇಳೆ, ಅಂದರೆ ನಾಲ್ಕು ಗ್ರಾಂಗೂ ಕಡಿಮೆ ಪ್ರೋಟೀನ್. ಎರಡು ಬಟ್ಟಲಿಗೆ ಏಳು ಗ್ರಾಂ ಎನ್ನೋಣ. ಉಳಿದ ಊಟದಿಂದ, ಅಂದರೆ ಎಂಟು ಚಪಾತಿ, ಅನ್ನ, ಶೇಂಗಾ ಹಾಕಿದ ಪೋಹೆ, ಮೊಸರು ಮತ್ತು ಪಲ್ಯದಿಂದ ಆ್ಯಪ್ ಹೇಳುವ 45 ಗ್ರಾಂ ನಂಬುವಂಥದ್ದೇ, ಏಕೆಂದರೆ ಬರೀ ಚಪಾತಿ ಹಿಟ್ಟಿನಿಂದಲೇ ಸುಮಾರು 25 ಗ್ರಾಂ ಬರುತ್ತದೆ. ಒಟ್ಟು 52 ಗ್ರಾಂ. ನಿಮ್ಮ ತೂಕಕ್ಕೆ ಭಾಗಿಸಿದರೆ ಕಿಲೋಗೆ 0.76. ಭಾರ ಎತ್ತದ ಸಾಮಾನ್ಯ ವಯಸ್ಕರಿಗೇ ಐಸಿಎಂಆರ್ 2020ರಲ್ಲಿ ಹೇಳಿದ್ದು 0.83. ನೀವು 111 ತಿನ್ನುತ್ತಿದ್ದೇನೆ ಎಂದುಕೊಂಡು ಅದರ ಅರ್ಧವನ್ನೂ ತಿನ್ನುತ್ತಿರಲಿಲ್ಲ. ಇಷ್ಟು ದಿನ ಶ್ರಮಪಟ್ಟ ಹುಡುಗನಿಗೆ ಇದನ್ನು ಹೇಳಲು ನನಗೆ ನಿಜವಾಗಿಯೂ ಸಂಕಟವಾಗುತ್ತಿದೆ.

ಹಡಪಸರ ಕಾಕಾ:
ತಮ್ಮಾ, ಚಪಾತಿ ಬಿಟ್ಟು ಜೋಳದ ರೊಟ್ಟಿ ತಿನ್ನು. ನಮ್ಮ ಕಲಬುರಗಿ ಕಡೆ ಮೂಟೆ ಹೊರುವ ಹಮಾಲರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೇ ಕ್ವಿಂಟಾಲು ಎತ್ತುತ್ತಿದ್ದರು. ಪುಣೆಯಲ್ಲಿ ಒಳ್ಳೆಯ ಭಾಕರಿ ಸಿಗದ ಗಲ್ಲಿಯಿಲ್ಲ. ಸಿರಿಧಾನ್ಯದಲ್ಲಿ ಇರುವಷ್ಟು ಪ್ರೋಟೀನ್ ಗೋಧಿಯಲ್ಲಿ ಎಲ್ಲಿದೆ?

ಕೋಥರೂಡ್ ಅಡುಗೆಮನೆ:
ಕಾಕಾ, ರೊಟ್ಟಿ ತಿನ್ನಲಿ, ನಾನೂ ದಿನವೂ ತಿನ್ನುತ್ತೇನೆ. ಆದರೆ ಪ್ರೋಟೀನಿಗಾಗಿ ಗೋಧಿಯಿಂದ ಜೋಳಕ್ಕೆ ಬದಲಾಯಿಸಿದರೆ ಏನೂ ಹೆಚ್ಚುವುದಿಲ್ಲ. ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ, ಸಜ್ಜೆಯಲ್ಲಿ 11, ರಾಗಿಯಲ್ಲಿ ಏಳರ ಆಸುಪಾಸು. ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣದ ಅಂಶದಲ್ಲಿ. ಅದೂ ಅಲ್ಲದೆ ಜೋಳದ ಪ್ರೋಟೀನಿಗೆ ಒಂದು ವಿಶೇಷ ಗುಣವಿದೆ: ನೀರು ಹಾಕಿ ಬೇಯಿಸಿದಾಗ ಅದರ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದರಿಂದ ಹೊಟ್ಟೆಯಲ್ಲಿ ಪೂರ್ತಿ ಒಡೆಯುವುದಿಲ್ಲ. ಲೈಸಿನ್ ಎಂಬ ಅಂಶವೂ ಅದರಲ್ಲಿ ಬಹಳ ಕಡಿಮೆ. ನೀವು ಹೇಳಿದ ಊಟದಲ್ಲಿ ನಾನು ಮೆಚ್ಚುವುದು ಶೇಂಗಾ ಚಟ್ನಿಯನ್ನು. ಅದರ ಜೊತೆಗೆ ಹಮಾಲರ ತಾಟಿನಲ್ಲಿ ಗಟ್ಟಿ ಬೇಳೆಯೋ ಹೆಸರುಕಾಳಿನ ಪಲ್ಯವೋ ಇರುತ್ತಿತ್ತಲ್ಲವೇ? ಜೋಳದಲ್ಲಿ ಕೊರತೆಯಾದ ಲೈಸಿನ್ನನ್ನು ತುಂಬಿಕೊಡುತ್ತಿದ್ದದ್ದು ಅದು.

ಹಡಪಸರ ಕಾಕಾ:
ಹೌದು, ಹೆಸರುಕಾಳು ಇರುತ್ತಿತ್ತು, ಮಡಕೆಕಾಳೂ ಇರುತ್ತಿತ್ತು. ಅದನ್ನು ಒಪ್ಪುತ್ತೇನೆ. ಆದರೆ ಅವರು ತಿನ್ನುತ್ತಿದ್ದ ರೊಟ್ಟಿಯ ಲೆಕ್ಕವೇ ಬೇರೆ, ಹೊತ್ತಿಗೆ ಐದಾರು ರೊಟ್ಟಿ ತಿನ್ನುತ್ತಿದ್ದರು. ಅದನ್ನು ಮರೆಯಬೇಡಿ.

ಕೋಥರೂಡ್ ಅಡುಗೆಮನೆ:
ಇನ್ನು ಐವತ್ತು ರೂಪಾಯಿಯ ಲೆಕ್ಕ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ನಾನು ಈ ವಾರ ಕೊಟ್ಟ ಬೆಲೆಯನ್ನೇ ಹಿಡಿಯುತ್ತೇನೆ. ಬಿಡಿ ಸೋಯಾ ಚಂಕ್ಸ್ ಕಿಲೋಗೆ 150. ಅದರ ನೂರು ಗ್ರಾಮಿನಲ್ಲಿ ಸುಮಾರು 52 ಗ್ರಾಂ ಪ್ರೋಟೀನ್ ಇರುವುದರಿಂದ, ದಿನಕ್ಕೆ 50 ಗ್ರಾಂ ಒಣ ಚಂಕ್ಸ್ ತಿಂದರೆ ಏಳೂವರೆ ರೂಪಾಯಿಗೆ 26 ಗ್ರಾಂ ಸಿಗುತ್ತದೆ. ಐವತ್ತು ಗ್ರಾಂ ಹೆಸರುಕಾಳನ್ನು ನೆನೆಸಿ, ಮೊಳಕೆ ಬರಿಸಿ, ಆವಿಯಲ್ಲಿ ಬೇಯಿಸಿದರೆ ಆರು ರೂಪಾಯಿಗೆ 12 ಗ್ರಾಂ. ಅರ್ಧ ಲೀಟರ್ ಹಾಲು ಮೂವತ್ತು ರೂಪಾಯಿ, 16 ಗ್ರಾಂ. ಒಟ್ಟು 43 ರೂಪಾಯಿ ಐವತ್ತು ಪೈಸೆಗೆ 54 ಗ್ರಾಂ. ನಿಮ್ಮ 52ಕ್ಕೆ ಕೂಡಿಸಿದರೆ 106, ಅಂದರೆ ತೂಕದ ಕಿಲೋಗೆ ಸುಮಾರು 1.6 ಗ್ರಾಂ; ಭಾರ ಎತ್ತುವವರಿಗೆ ನಾನು ಹೇಳುವುದೂ ಅಷ್ಟೇ. ಅದೇ ಐವತ್ತು ರೂಪಾಯಿಯ ಪನೀರಿನಿಂದ ಬರುವುದು 23 ಗ್ರಾಂ ಮಾತ್ರ. ಪನೀರ್ ಒಳ್ಳೆಯ ಆಹಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಶಕ್ತಿಯ ಬಹುಪಾಲು ಕೊಬ್ಬಿನಿಂದ ಬರುತ್ತದೆ, ಮತ್ತು ಈ ಹಣಕಾಸಿನಲ್ಲಿ ಅದು ತಿಂಗಳಿಗೊಮ್ಮೆಯ ಸಂತೋಷವಷ್ಟೇ ಆಗಬಲ್ಲದು.

ಚಂಕ್ಸ್ ತೂಗುವಾಗಲೂ ಬೇಳೆಯ ತಪ್ಪೇ ಮರುಕಳಿಸುತ್ತದೆ. ನೆನೆದ ಮೇಲೆ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಆದ್ದರಿಂದ ಒಣಗಿರುವಾಗಲೇ ತೂಗಿ.

ಠಾಣೆ ಪೂರ್ವ:
ಬೆಲೆಯ ಮಾತು ಸರಿ, ಅಷ್ಟು ದೊಡ್ಡ ವ್ಯತ್ಯಾಸವಿದೆ ಎಂದು ನನಗೆ ತಿಳಿದಿರಲಿಲ್ಲ. ಆದರೆ ಗಂಡಸರು ದಿನವೂ ಸೋಯಾ ತಿಂದರೆ ಹಾರ್ಮೋನ್ ಏರುಪೇರಾಗುತ್ತದೆ ಎಂದು ನಮ್ಮ ಜಿಮ್ಮಿನ ತರಬೇತುದಾರರು ಹೇಳುತ್ತಾರೆ. ಸ್ನಾಯು ಬೆಳೆಸಲು ಹೊರಟವನು ಅದನ್ನೇ ಏಕೆ ತಿನ್ನಬೇಕು?

ಕೋಥರೂಡ್ ಅಡುಗೆಮನೆ:
ಈ ಭಯ ಬಹಳ ಹಳೆಯದು. ಗಂಡಸರ ಮೇಲೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2010ರಲ್ಲಿ ಒಂದು, 2021ರಲ್ಲಿ ಇನ್ನೊಂದು ಪ್ರಕಟವಾದವು. ಎರಡರಲ್ಲೂ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡುಬರಲಿಲ್ಲ. ಐವತ್ತು ಗ್ರಾಮಿನ ವಿಷಯದಲ್ಲಿ ನನ್ನ ಚಿಂತೆ ಹಾರ್ಮೋನಿನದಲ್ಲ, ಹೊಟ್ಟೆಯುಬ್ಬರದ್ದು. ಮೊದಲ ವಾರ 25 ಗ್ರಾಂ ಸಾಕು. ಕುದಿಯುವ ನೀರಿಗೆ ಉಪ್ಪು ಹಾಕಿ ಕಾಲು ಗಂಟೆ ನೆನೆಸಿ, ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ, ತಣ್ಣೀರಿನಲ್ಲಿ ತೊಳೆದು ಮತ್ತೊಮ್ಮೆ ಹಿಂಡಬೇಕು. ಹಿಂಡಿದಾಗ ಬರುವ ನೀರು ಮೊದಲ ಸಲ ಕಂದು ಬಣ್ಣದ ನೊರೆಯಾಗಿರುತ್ತದೆ, ಎರಡನೆಯ ಸಲಕ್ಕೆ ತಿಳಿಯಾಗುತ್ತದೆ. ಆ ಹಸಿ ವಾಸನೆಯೂ, ವಾಯು ಉಂಟುಮಾಡುವ ಸಕ್ಕರೆಗಳಲ್ಲಿ ಒಂದಷ್ಟು ಪಾಲೂ ಆ ನೀರಿನೊಂದಿಗೆ ಹೊರಟುಹೋಗುತ್ತವೆ.

ಮುಲುಂಡ್ ಗೃಹಿಣಿ:
ನನಗೂ ತೂಕ ಇಳಿಸಬೇಕಾಗಿದೆ, ಹಾಗಾಗಿ ನಾಳೆಯಿಂದಲೇ ಬೆಳಗಿನ ಉಪಾಹಾರಕ್ಕೆ ಸೋಯಾ ಆರಂಭಿಸುತ್ತೇನೆ. ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಗಂಟೆಗೆ ತಿಂದರೆ ಆಗಬಹುದೇ?

ಕೋಥರೂಡ್ ಅಡುಗೆಮನೆ:
ಬೇಡ, ದಯವಿಟ್ಟು ನಿಲ್ಲಿ. ಇಲ್ಲಿನ ಪ್ರಶ್ನೆ ತೂಕ ಇಳಿಸುವುದಲ್ಲ, ನಿಮ್ಮ ಸಂದರ್ಭವೇ ಬೇರೆ. ಸೋಯಾ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯಬಲ್ಲದು. ತಿನ್ನಲೇಬೇಕೆಂದಿದ್ದರೆ ಬೆಳಗಿನ ಮಾತ್ರೆಯಿಂದ ದೂರ, ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ, ಮತ್ತು ಆರಂಭಿಸುವ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ.

ಮಡಗಾಂವ್ ಬಾರ್ಬೆಲ್:
ನಾನು ಹದಿನೈದು ವರ್ಷದಿಂದ ಭಾರ ಎತ್ತುತ್ತಿದ್ದೇನೆ, ಸಸ್ಯಾಹಾರಿಯೇ. ಅಕ್ಕನವರ ಬೇಳೆಯ ಲೆಕ್ಕವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಬೆಂಚ್ ಪ್ರೆಸ್ ನಿಂತದ್ದಕ್ಕೆ ಪ್ರೋಟೀನ್ ಒಂದೇ ಕಾರಣ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ತಮ್ಮಾ, ಈ ನಾಲ್ಕು ತಿಂಗಳಿನಲ್ಲಿ ನಿನ್ನ ತೂಕ ಏನಾಯಿತು?

ಹಿಂಜವಡಿ ಹುಡುಗ:
68ರಲ್ಲೇ ಇದೆ, ಅಣ್ಣ. ವ್ಯಾಯಾಮದ ಪಟ್ಟಿಯೂ ಮೊದಲ ದಿನದ್ದೇ.

ಮಡಗಾಂವ್ ಬಾರ್ಬೆಲ್:
ಹಾಗಾದರೆ ಒಟ್ಟು ಊಟವೇ ಕಡಿಮೆಯಾಗಿದೆ. ತೂಕ ಏರದೆ ಸ್ನಾಯು ಸೇರಿಸುವುದು ಹೊಸಬರಿಗೆ ಕೆಲವು ತಿಂಗಳು ಸಾಧ್ಯ, ಆಮೇಲೆ ಕಷ್ಟ. ನಾನು ಕಿಲೋಗೆ 1.3 ಗ್ರಾಮಿನ ಆಸುಪಾಸಿನಲ್ಲೇ ಇದ್ದು, ಚಪಾತಿ, ಅನ್ನ ಮತ್ತು ಶೇಂಗಾ ಹೆಚ್ಚಿಸಿ ಮುಂದೆ ಹೋದವನು. ಎಲ್ಲರೂ 1.6 ಹಿಡಿಯಲೇಬೇಕೆಂಬುದನ್ನು ನಾನು ಒಪ್ಪುವುದಿಲ್ಲ.

ಕೋಥರೂಡ್ ಅಡುಗೆಮನೆ:
ನೀವು 1.3ರಲ್ಲಿ ಬೆಳೆದಿರಿ ಎಂಬುದನ್ನು ನಾನು ನಂಬುತ್ತೇನೆ. ಆದರೂ 1.6ರ ಕಡೆಗೇ ನನ್ನ ಒಲವು, ಏಕೆಂದರೆ ಬೇಳೆ ಮತ್ತು ಧಾನ್ಯದ ಪ್ರೋಟೀನ್ ಹಾಲಿನದರಷ್ಟು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ. ಕಾಗದದ ಮೇಲಿನ ನೂರರಲ್ಲಿ ಒಂದಷ್ಟು ಕಳೆದೇಹೋಗುತ್ತದೆ. ತೂಕದ ಬಗ್ಗೆ ನೀವು ಹೇಳಿದ್ದು ಸರಿ. ನಾನು ಹೇಳಿದ ಮೂರು ಪದಾರ್ಥಗಳಿಂದ ಸುಮಾರು 650 ಕ್ಯಾಲೊರಿಯೂ ಸೇರುತ್ತದೆ, ಆದ್ದರಿಂದ ಚಪಾತಿಯನ್ನು ಕಡಿಮೆ ಮಾಡದಿದ್ದರೆ ತೂಕ ತಾನಾಗಿಯೇ ಏರಬೇಕು.

ಮಡಗಾಂವ್ ಬಾರ್ಬೆಲ್:
ಪ್ರೋಟೀನ್, ಕ್ಯಾಲೊರಿ ಎರಡೂ ಒಟ್ಟಿಗೆ ಏರಿದರೆ ಫಲ ಕೊಟ್ಟದ್ದು ಯಾವುದೆಂದು ಹೇಗೆ ತಿಳಿಯುವುದು? ನಮ್ಮಿಬ್ಬರ ವಾದ ಹೀಗೆಯೇ ಉಳಿಯುತ್ತದೆ. ತಮ್ಮಾ, ಆರು ವಾರ ಊಟವನ್ನಷ್ಟೇ ಬದಲಾಯಿಸು, ವ್ಯಾಯಾಮದ ಪಟ್ಟಿಯನ್ನು ಮುಟ್ಟಬೇಡ. ವಾರಕ್ಕೆ ಮೂರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಸರಾಸರಿ ಬರೆದಿಡು. ತಿಂಗಳಿಗೆ ಒಂದು ಕಿಲೋದ ಒಳಗೆ ಏರಿದರೆ ಸಾಕು, ಅದಕ್ಕಿಂತ ಬೇಗ ಏರುತ್ತಿದ್ದರೆ ಹೊಟ್ಟೆಯ ಕೊಬ್ಬು ಸೇರುತ್ತಿದೆ ಎಂದು ತಿಳಿ.

ಹಿಂಜವಡಿ ಹುಡುಗ:
ಸೋಮವಾರದಿಂದ 25 ಗ್ರಾಂ ಚಂಕ್ಸಿನಿಂದ ಆರಂಭಿಸುತ್ತೇನೆ, ತೂಗಲು ಸಣ್ಣ ತಕ್ಕಡಿಯನ್ನು ಇಂದೇ ತಂದಿದ್ದೇನೆ. ಒಂದೇ ತೊಡಕು, ನನ್ನ ಪಿಜಿಯಲ್ಲಿ ಫ್ರಿಜ್ ಇಲ್ಲ, ಕೋಣೆಯಲ್ಲಿ ಇರುವುದು ವಿದ್ಯುತ್ ಕೆಟಲ್ ಮಾತ್ರ. ಅರ್ಧ ಲೀಟರ್ ಹಾಲು ಸಂಜೆಯವರೆಗೆ ಉಳಿಯುವುದಿಲ್ಲ.

ಹಡಪಸರ ಕಾಕಾ:
ಬೆಳಿಗ್ಗೆ ಅರ್ಧ ಕುಡಿ. ಉಳಿದ ಕಾಲು ಲೀಟರನ್ನು ಮಾವಶಿಯವರಿಗೆ ಕೊಟ್ಟು ಕಾಯಿಸಿ, ಉಗುರುಬೆಚ್ಚಗಿರುವಾಗ ಒಂದು ಚಮಚ ಮೊಸರು ಹಾಕಿಸಿಕೊಂಡು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡು. ರಾತ್ರಿ ಊಟದ ಹೊತ್ತಿಗೆ ಮೊಸರಾಗಿರುತ್ತದೆ.