‘ಸಾಲು ಕೆಡಬಾರದು’ ಅಂದ್ರ ತಲಿ ಸಮಾನೋ, ಬುಡ ಸಮಾನೋ?

ಬೆಳಗಾವಿಯಿಂದ:
ಎಲ್ಲಾರಿಗೂ ನಮಸ್ಕಾರ್ರೀ. ನಂದು ಫೋಟೋ ತಿದ್ದೋ ಕೆಲಸ. ಒಬ್ಬ ಚಹಾಪುಡಿ ವ್ಯಾಪಾರಸ್ಥರು ಅಂಗಡಿ ಕಪಾಟಿನ ಫೋಟೋ ಕಳಿಸಿ, ನಡುವಿನ ಹಳೆ ಪಾಕೀಟು ತಗದು ಹೊಸ ಡಿಸೈನಿಂದು ಇಡ್ರಿ, ಅಕ್ಕಪಕ್ಕದ್ದು ಮುಟ್ಟಬ್ಯಾಡ್ರಿ, ಸಾಲು ಕೆಡಬಾರದು ಅಂತ ಬರದಿದ್ರು. ಹಳೇದರ ಎತ್ತರ 160 ಮಿಲಿಮೀಟರ್, ಫೋಟೋದಾಗ 400 ಪಿಕ್ಸೆಲ್. ಹೊಸಾದು 168, ಅಂದ್ರ 420 ಪಿಕ್ಸೆಲ್ ಬರಬೇಕು, ಅಗಲ ಮಾತ್ರ ಮೊದಲಿನಷ್ಟ. ನಮ್ಮ ಹುಡುಗ ‘ಸಾಲು’ ಅಂದದ್ದಕ್ಕ ತಲಿ ಸಮ ಮಾಡಾಕ ಹೋಗಿ 400ಕ್ಕ ಕುಗ್ಗಿಸಿದ, ಅಗಲಾನೂ ಕುಗ್ಗಿ ಎರಡೂ ಬಾಜೂಕ ಆರಾರು ಪಿಕ್ಸೆಲ್ ಸಂದಿ ಬಿತ್ತು, ಆ ಸಂದ್ಯಾಗ ಹಳೆ ಪಾಕೀಟಿನ ಕೆಂಪು ಅಂಚು ಇಣುಕಾಕತ್ತಿತ್ತು. ತಪ್ಪು ಅವಂದಲ್ರೀ, ಮಾತಿಂದು. ಬುಡ ಅಷ್ಟ ಒಂದ ಗೆರಿಗೆ ಇರ್ಲಿ ಅನ್ನಾಕ ಪದ ಐತೇನು?

ವಿಜಯಪುರದಿಂದ:
‘ದಾರಕ್ಕ ಹಿಡಿ’ ಅನ್ರಿ. ಗೌಂಡ್ಯಾರು ಅದನ್ನ ಅಂತಾರ, ಸಾಲು ಒಂದಿಷ್ಟೂ ಸೊಟ್ಟ ಆಗೂದಿಲ್ಲ.

ಬಾಗಲಕೋಟೆಯಿಂದ:
ಮಾತು ಚಲೋ ಐತ್ರಿ, ಆದ್ರ ಗೌಂಡಿ ದಾರ ಕಟ್ಟೂದು ಇಟ್ಟಂಗಿಯ ಮ್ಯಾಲಿನ ಅಂಚಿಗೆ. ಇಟ್ಟಂಗಿ ಎಲ್ಲಾ ಒಂದ ಎತ್ತರ ಇರ್ತಾವಂತ ಅಲ್ಲಿ ನಡೀತೈತಿ, ಇಲ್ಲಿ ಹುಡುಗ ಮತ್ತ ತಲೀನ ಸಮ ಮಾಡ್ತಾನ. ಊಟದ ಪಂಕ್ತಿ ನೋಡ್ರಿ, ಎತ್ತರದವ್ರು ಗಿಡ್ಡದವ್ರು ಕೂಡಿ ಕುಂತಿರ್ತಾರ, ಪಂಕ್ತಿ ಆಗೂದು ನೆಲದ ಮ್ಯಾಲ. ಇಪ್ಪತ್ತು ವರ್ಷ ಇದ ಕೆಲಸ ಮಾಡೀನಿ, ನಾ ‘ಬುಡಗೆರಿ’ ಅಂತೀನಿ. ಎಡಬಲದ ಪಾಕೀಟಿನ ಬುಡ ಕೂಡಿಸಿ ಗೆರಿ ಎಳೀರಿ, ಕ್ಯಾಮರಾ ಓರಿ ಇದ್ರ ಗೆರೀನೂ ಓರೀನ ಬರ್ತೈತಿ, ನೆಟ್ಟಗ ಮಾಡಬ್ಯಾಡ್ರಿ. ರೇಟಿನ ಪಟ್ಟಿ ಬುಡ ಮುಚ್ಚಿದ್ರ ಅದನ್ನ ಹಂಗ ಮುಂದ ಬಿಡ್ರಿ, ಹೊಸಾದು ಅದರ ಹಿಂದ ನಿಂದರ್ಬೇಕು.
ಇನ್ನೊಂದು, ಹೆಚ್ಚಾದ ಆ 20 ಪಿಕ್ಸೆಲ್ ಮ್ಯಾಲಿನ ಹಲಗಿ ನೆಳ್ಳಿನ್ಯಾಗ ಹೊಕ್ಕಿರ್ತೈತಿ, ತಲಿ ಸ್ವಲ್ಪ ಕಪ್ಪಾಗಬೇಕು. ಎಷ್ಟು ಅಂದ್ರ ಬಾಜೂಕಿಂದರ ಬಿಳಿ ಭಾಗ ಮ್ಯಾಲ ಹೋದಂಗ ಎಷ್ಟು ಮಂಕಾಗೇತಿ ಅಂತ ನೋಡಿ, ಅಷ್ಟ ಮಲ್ಟಿಪ್ಲೈ ಲೇಯರಿನ್ಯಾಗ ಕೊಡ್ರಿ. ಬ್ಯಾರೆ ಬಣ್ಣದ ಮ್ಯಾಲ ಅಳದ್ರ ಮೋಸ ಆಗ್ತೈತಿ.

ಜಮಖಂಡಿಯಿಂದ:
ನಂದೊಂದು ಅಂಗಡಿ ಐತ್ರಿ. ಹೊಸಾದನ್ನ ಮುಂದ ಇಟ್ರ ಹಳೆ ಮಾಲು ಹಿಂದ ಉಳದು ತಾರೀಖು ಮುಗೀತೈತಿ, ಅದನ್ನ ಹೆಂಗ ಮಾಡ್ತೀರಿ?

ಬೆಳಗಾವಿಯಿಂದ:
ಅಣ್ಣಾರ, ಇದು ಬರೇ ಫೋಟೋದಾಗಿಂದ್ರೀ, ಮಾಲು ಇದ್ದಲ್ಲೇ ಐತಿ. ಬಾಗಲಕೋಟೆಯವ್ರು ಹೇಳಿದಂಗ ಮಾಡಿದ್ವಿ, ಕುಂತತು. ಆದ್ರೂ ಪಾಕೀಟು ಗಾಳ್ಯಾಗ ತೇಲಿದಂಗ ಕಾಣಾಕತ್ತಿತ್ತು, ದೊಡ್ಡದು ಮಾಡಿ ನೋಡಿದ್ರ ಪಾಕೀಟು ಹಲಗಿಗೆ ತಾಗೂವಲ್ಲಿ ಎರಡು ಪಿಕ್ಸೆಲ್ ದಪ್ಪದ ಕಪ್ಪು ಗೆರಿ ಹಳೇದರ ಜೋಡಿ ಅಳಿಸಿ ಹೋಗಿತ್ತು. ಅದನ್ನ ತಿರುಗಿ ಹಾಕೀವಿ. ಈಗ ಅದಕ್ಕ ಏನನ್ನೂದು? ‘ನೆಳ್ಳು’ ಅಂದ್ರ ಹುಡುಗ ಬಾಜೂಕ ಬೀಳೂ ಉದ್ದ ನೆಳ್ಳು ತಿಳೀತಾನ.

ವಿಜಯಪುರದಿಂದ:
‘ಬುಡಗಪ್ಪು’ ಅಂದ್ರ ಹೆಂಗ?

ಬಾಗಲಕೋಟೆಯಿಂದ:
ಕೇಳಿದವ್ರು ಕೊಳಿ ಹತ್ತೇತಿ ಅಂತ ತಿಳದು ಅಳಿಸಿಬಿಟ್ಟಾರ್ರೀ. ನಾ ‘ತಾಗುನೆಳ್ಳು’ ಅಂತ ನೋಡ್ತೀನಿ, ಇನ್ನೂ ಬಾಯಿಗೆ ಕುಂತಿಲ್ಲ.