ಸಹಾಯ ಬೇಕು: ಮೇಲೆ ಹಸಿರು, ಚುಚ್ಚಿದ ಕಡೆ ತಿಳಿ

ಕಲಬುರಗಿಯ ಸಣ್ಣ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಏಳು ವರ್ಷದ ಹುಡುಗನ ಗಂಟಲಿನ ಸ್ವಾಬ್ ಬ್ಲಡ್ ಅಗಾರ್ ಮೇಲೆ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟಿದ್ದೆ. ಕಾಲನಿಗಳ ಸುತ್ತ ಮಸುಕು ಹಸಿರು. ಆಲ್ಫಾ ಹೀಮೋಲಿಸಿಸ್, ಗಂಟಲಲ್ಲಿ ಸುಮ್ನೆ ಇರುವ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಅಂತ ಬರೆಯಲು ಹೊರಟಿದ್ದೆ. (ಗಾಮಾ ಅಂತೂ ಅಲ್ಲ, ಅದರಲ್ಲಿ ಬಣ್ಣವೇ ಬದಲಾಗಲ್ಲ.)

ಆದರೆ ಲೂಪ್‌ನಿಂದ ಚುಚ್ಚಿದ ಜಾಗ ಪೂರ್ತಿ ತಿಳಿಯಾಗಿದೆ. ಪ್ಲೇಟ್ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಬಹುದು! ಸ್ಟ್ರೆಪ್ಟೊಲೈಸಿನ್ ಓ ಗಾಳಿಗೆ ಕೆಡುತ್ತದೆ, ಅದಕ್ಕೇ ಒಳಗೆ ಮಾತ್ರ ಬೀಟಾ ಕಾಣುತ್ತಿದೆ ಅಲ್ವಾ? ಹಾಗಾದರೆ ಗುಂಪು ಎ, ಪಯೋಜಿನಿಸ್ ಇರಬಹುದು. ಅಥವಾ ಎರಡು ಬ್ಯಾಕ್ಟೀರಿಯಾ ಬೆರೆತಿವೆಯೇ?

ಕುರಿ ರಕ್ತ ಸಿಗದೆ, ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಮನುಷ್ಯರ ರಕ್ತ ಹಾಕಿದ್ದೆ. ಎಡವಟ್ಟು ಅಲ್ಲೇ ಆಯ್ತಾ? ತಿಳಿ ಜಾಗದಿಂದ ಮತ್ತೆ ಬೆಳೆಸಿ, ಶುದ್ಧ ಕಾಲನಿ ಬಂದ ಮೇಲೆ ಬ್ಯಾಸಿಟ್ರಾಸಿನ್ ಡಿಸ್ಕ್ ಇಟ್ಟರೆ ಸರಿಯೇ?