ಸಹಾಯ ಬೇಕು: ಮದುವೆ ಚಿತ್ರಗಳಲ್ಲಿ ಮುಖ ತಿದ್ದಲು ಯಾವ ದಾರಿ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳ ಮದುವೆಯ ಸುಮಾರು 300 ಚಿತ್ರಗಳನ್ನು ತಿದ್ದಬೇಕಾಗಿದೆ. ಅವಳು ಕೇಳಿದ್ದಿಷ್ಟೇ: ಮೊಡವೆ ಹೋಗಬೇಕು, ಮಚ್ಚೆ ಉಳಿಯಬೇಕು, ಮೈಬಣ್ಣ ಬದಲಾಗಬಾರದು.

ಮೊಬೈಲಿನ ಉಚಿತ ಸ್ನ್ಯಾಪ್‌ಸೀಡ್‌ನಲ್ಲಿ ಹೀಲಿಂಗ್ ಬಳಸಿದರೆ ಮೊಡವೆ ಚೆನ್ನಾಗಿ ಅಳಿಯುತ್ತದೆ. ಮೂಗುತಿಯ ಪಕ್ಕದಲ್ಲಿ ಮಾತ್ರ ಲೋಹದ ಅಂಚೂ ಕದಡುತ್ತದೆ. ನಾಲ್ಕಾರು ಚಿತ್ರಗಳಿಗೆ ಇದು ಸಾಕು, 300ಕ್ಕೆ ಆಗದ ಮಾತು.

ಲೈಟ್‌ರೂಮ್ ತಂತ್ರಾಂಶದಲ್ಲಿ ತಿದ್ದುಪಡಿ ಮುಖದ ಚರ್ಮಕ್ಕಷ್ಟೇ ತಾಗುವಂತೆ ಮಾಸ್ಕ್ ಹಾಕಿ ಟೆಕ್ಸ್ಚರ್ ಅನ್ನು -20ಕ್ಕೆ ಇಳಿಸಿದೆ. ಒರಟುತನ ತಗ್ಗಿತು, ಚರ್ಮದ ರಂಧ್ರಗಳು ಉಳಿದವು. -50 ದಾಟಿದರೆ ಮುಖ ಮೇಣದಂತಾಗುತ್ತದೆ. ಇದೇ ಹೊಂದಾಣಿಕೆಯನ್ನು ಉಳಿದ ಚಿತ್ರಗಳಿಗೂ ಒಟ್ಟಿಗೆ ಹಾಕಬಹುದೆಂಬುದೇ ನನಗೆ ದೊಡ್ಡ ಆಕರ್ಷಣೆ. ಆದರೆ ತಿಂಗಳ ಚಂದಾ ಕಟ್ಟಬೇಕು.

ಸ್ನೇಹಿತರ ಕಂಪ್ಯೂಟರಿನಲ್ಲಿ ಫೋಟೋಶಾಪ್‌ನಲ್ಲಿ ಆಯ್ದ ಜಾಗಕ್ಕೆ ಎಐ ಹೊಸದಾಗಿ ಚಿತ್ರ ತುಂಬುವ ಜನರೇಟಿವ್ ಫಿಲ್‌ನಿಂದ ಭಾವನವರ ಕನ್ನಡಕದ ಮೇಲಿನ ಫ್ಲ್ಯಾಶ್ ಹೊಳಪು ತೆಗೆದೆವು. ಹೊಳಪು ಹೋಯಿತು, ಅದರಡಿ ಬಂದ ಕಣ್ಣು ಅವರದಲ್ಲ! ಮುಖಕ್ಕೆ ಅದನ್ನು ಬಳಸಲು ನನಗೆ ಮನಸ್ಸಿಲ್ಲ, ಹಿನ್ನೆಲೆಯ ಕುರ್ಚಿ ಅಳಿಸಲು ಸರಿ.

ಬಲ್ಲವರು ದಯವಿಟ್ಟು ತಿಳಿಸಿ: ಒಂದೇ ತಿಂಗಳು ಲೈಟ್‌ರೂಮ್ ಚಂದಾ ಕಟ್ಟಿ ಕೆಲಸ ಮುಗಿಸಬಹುದೇ? ಗುಂಪು ಚಿತ್ರಗಳಲ್ಲಿ ವಧುವಿನ ಮುಖಕ್ಕೆ ಮಾತ್ರ ಮಾಸ್ಕ್ ಬೀಳುವಂತೆ ಮಾಡುವುದು ಹೇಗೆ? ಹೊಳಪಿನಡಿಯ ನಿಜವಾದ ಕಣ್ಣನ್ನು ಮುಂದಿನ ಚಿತ್ರದಿಂದ ತಂದು ಕೂರಿಸುವುದು ಹೊಸಬರಿಗೆ ಸಾಧ್ಯವೇ?